ಒಂದು ಮಿಲಿಲೀಟರನ್ನು ಐದು ಪಾಲು ಮಾಡಿದ್ದು

ಮಗು ಹುಟ್ಟಿದ ಆರನೆಯ ದಿನ ನಾನು ಅದರ ಬಾಯಿಗೆ ಮೊದಲ ಬಾರಿ ವಿಟಮಿನ್ ಡಿ ಹಾಕಿದೆ. ಹಾಕಿದ ರೀತಿ ಪೂರ್ತಿ ತಪ್ಪಾಗಿತ್ತು. ಮಗು ಮಡಿಲಲ್ಲಿ ಅಂಗಾತ ಮಲಗಿಕೊಂಡು ಹಸಿವಿಗೆ ಅಳುತ್ತಿತ್ತು. ಅಳುವಾಗ ಬಾಯಿ ಹೇಗೂ ತೆರೆದೇ ಇರುತ್ತದೆ, ಇದಕ್ಕಿಂತ ಒಳ್ಳೆಯ ಸಮಯ ಸಿಗಲಾರದು ಎಂದು ನನ್ನ ಗಂಡ ಹೇಳಿದರು, ನನಗೂ ಅದು ಸರಿಯೆನಿಸಿತು. ಡ್ರಾಪರಿನಲ್ಲಿ ಒಂದು ಮಿಲಿಲೀಟರ್ ಗುರುತಿನವರೆಗೆ ಔಷಧಿಯನ್ನು ಎಳೆದುಕೊಂಡು, ನಾಲಗೆಯ ನಡುಭಾಗಕ್ಕೆ ಗುರಿಯಿಟ್ಟು, ರಬ್ಬರ್ ಬುರುಡೆಯನ್ನು ಒಂದೇ ಸಲಕ್ಕೆ ಅದುಮಿದೆ. ಅಳು ತಟ್ಟನೆ ನಿಂತಿತು. ಮಗು ಸಮಾಧಾನಗೊಂಡು ಸುಮ್ಮನಾಗಿರಲಿಲ್ಲ, ಅದಕ್ಕೆ ಉಸಿರೇ ನಿಂತಿತ್ತು. ಕಣ್ಣುಗಳು ಅಗಲವಾದವು, ಕೈಗಳು ಎರಡೂ ಕಡೆಗೆ ಚಾಚಿಕೊಂಡವು, ಬಾಯಿಯ ಸುತ್ತ ಒಂದು ಬೂದು ಬಣ್ಣ ಬಂದುಹೋಯಿತು. ಗಾಬರಿಯಲ್ಲಿ ನಾನು ಮಗುವನ್ನು ಎತ್ತಿ ಮುಂದಕ್ಕೆ ಬಾಗಿಸಿದೆ. ಬಾಯಿಯಂಚಿನಿಂದ ಔಷಧಿ ಸುರಿದು ನನ್ನ ಮುಂಗೈ ಮೇಲೆ ಇಳಿಯಿತು, ಒಂದು ಒದ್ದೆ ಕೆಮ್ಮು ಬಂತು, ಆಮೇಲೆ ಜೋರಾದ ಅಳು ಶುರುವಾಯಿತು. ಇಷ್ಟೂ ಆಗಲು ಐದಾರು ಸೆಕೆಂಡು ಹಿಡಿದಿರಬಹುದು.

ನಮ್ಮ ಭಾಷೆಯಲ್ಲಿ ಇದಕ್ಕೆ ನೆತ್ತಿಗೆ ಹತ್ತುವುದು ಎನ್ನುತ್ತೇವೆ. ಆ ಮಾತು ಕೇಳಿದೊಡನೆ ಕೈ ತಾನಾಗಿ ತಲೆ ತಟ್ಟಲು ಹೋಗುತ್ತದೆ, ಆದರೆ ದ್ರವ ಹತ್ತಿರುವುದು ನೆತ್ತಿಗಲ್ಲ, ಶ್ವಾಸನಾಳದ ಬಾಯಿಗೆ. ತಲೆ ತಟ್ಟುವುದರಿಂದ ಅಲ್ಲಿ ಏನೂ ಕದಲುವುದಿಲ್ಲ. ನನ್ನ ಮಗುವನ್ನು ಅಂದು ಕಾಪಾಡಿದ್ದು ಮುಂದಕ್ಕೆ ಬಾಗಿಸಿದ್ದು, ಅದನ್ನೂ ನಾನು ತಿಳಿದು ಮಾಡಿದ್ದಲ್ಲ.

ಎರಡು ದಿನಗಳ ನಂತರ ಮಗುವಿನ ತೂಕ ನೋಡಿಸಲು ಹೋದಾಗ ಅಲ್ಲಿದ್ದ ಹಿರಿಯ ನರ್ಸ್ ಒಬ್ಬರಿಗೆ ಇದನ್ನು ಹೇಳಿದೆ. ಅವರು ಬೈಯಲಿಲ್ಲ. "ಹನಿಯನ್ನು ನಾಲಗೆಯ ಮೇಲೆ ಬಿಟ್ಟಿರಾ, ಕೆನ್ನೆಯೊಳಗೆ ಬಿಟ್ಟಿರಾ?" ಎಂದಷ್ಟೇ ಕೇಳಿದರು. ಕೆನ್ನೆಯೊಳಗೆ ಎಂದರೇನೆಂದು ನನಗೆ ತಿಳಿದಿರಲಿಲ್ಲ. "ನಾಲಗೆಯ ಮೇಲೆ ಸುರಿದರೆ ಯಾವಾಗ ನುಂಗಬೇಕೆಂದು ನೀವು ತೀರ್ಮಾನಿಸಿದಂತಾಯಿತು. ಕೆನ್ನೆಯಲ್ಲಿ ಇಟ್ಟರೆ ಅದನ್ನು ಮಗು ತೀರ್ಮಾನಿಸುತ್ತದೆ" ಎಂದು ಅವರು ಹೇಳಿದ ಮಾತನ್ನು ಅರ್ಥ ಮಾಡಿಕೊಳ್ಳಲು ನಾನು ಮುಂದಿನ ಕೆಲವು ವಾರಗಳನ್ನು ತೆಗೆದುಕೊಂಡೆ. ಈ ಬರಹ ಆ ಮಾತಿನ ವಿಸ್ತರಣೆ.

ನವಜಾತ ಶಿಶುವಿನ ಬಾಯಿ ದೊಡ್ಡವರ ಬಾಯಿಯ ಚಿಕ್ಕ ಪ್ರತಿಯಲ್ಲ. ನಾಲಗೆ ಬಾಯಿಯ ಅಳತೆಗೆ ಹೋಲಿಸಿದರೆ ದೊಡ್ಡದು, ಬಹುಪಾಲು ಜಾಗವನ್ನು ಅದೇ ತುಂಬಿಕೊಂಡಿರುತ್ತದೆ. ಧ್ವನಿಪೆಟ್ಟಿಗೆ ನಮ್ಮದಕ್ಕಿಂತ ಮೇಲೆ, ನಾಲಗೆಯ ಬುಡಕ್ಕೆ ತೀರ ಹತ್ತಿರದಲ್ಲಿದೆ. ಮೊಲೆಯುಣ್ಣಲು ಈ ರಚನೆ ಹೇಳಿಮಾಡಿಸಿದಂತಿದೆ. ಮಗು ಚೀಪುತ್ತದೆ, ನುಂಗುತ್ತದೆ, ಉಸಿರಾಡುತ್ತದೆ, ಮತ್ತೆ ಚೀಪುತ್ತದೆ. ಚೆನ್ನಾಗಿ ಹಾಲು ಕುಡಿಯುವ ಮಗುವಿನಲ್ಲಿ ಈ ಮೂರೂ ಒಂದರ ಹಿಂದೊಂದು ತಾಳ ತಪ್ಪದೆ ನಡೆಯುತ್ತವೆ. ಪ್ರತಿ ಸಲ ನುಂಗುವಾಗ ಶ್ವಾಸನಾಳದ ಬಾಯಿ ಮುಚ್ಚಿಕೊಂಡು, ನುಂಗಿ ಮುಗಿದ ಮೇಲೆ ತೆರೆದುಕೊಳ್ಳುತ್ತದೆ. ಈ ತಾಳವನ್ನು ಶುರುಮಾಡುವುದು ಮಗುವೇ. ಅದು ಚೀಪದಿದ್ದಾಗ ಹೊರಗಿನಿಂದ ಯಾರೋ ನಾಲಗೆಯ ಹಿಂಭಾಗಕ್ಕೆ ಒಮ್ಮೆಲೇ ದ್ರವ ಸುರಿದರೆ, ಗಂಟಲು ಆ ಹೊತ್ತಿನಲ್ಲಿ ತಾಳದ ಯಾವ ಹಂತದಲ್ಲಿರುತ್ತದೋ ಆ ಹಂತದಲ್ಲೇ ದ್ರವವನ್ನು ಎದುರಿಸಬೇಕಾಗುತ್ತದೆ.

ಅಳುತ್ತಿರುವ ಮಗುವಿಗೆ ಹಾಕಬಾರದೆನ್ನುವುದಕ್ಕೆ ಕಾರಣ ಇಲ್ಲಿದೆ. ಅಳು ಎಂದರೆ ಉದ್ದವಾಗಿ ಉಸಿರು ಬಿಡುವುದು, ಅದರ ಕೊನೆಯಲ್ಲಿ ಒಂದು ದೊಡ್ಡ ಉಸಿರನ್ನು ಗಬಕ್ಕನೆ ಒಳಗೆಳೆದುಕೊಳ್ಳುವುದು. ಆ ಎಳೆತದ ಹೊತ್ತಿನಲ್ಲಿ ಶ್ವಾಸನಾಳದ ಬಾಯಿ ಪೂರ್ತಿ ತೆರೆದಿರುತ್ತದೆ. ನಮಗೆ ಅನುಕೂಲವಾಗಿ ಕಂಡ ತೆರೆದ ಬಾಯಿಯ ಹಿಂದೆ ತೆರೆದ ಶ್ವಾಸಮಾರ್ಗವೂ ಇತ್ತು. ಅಂಗಾತ ಮಲಗಿಸಿದ್ದರಿಂದ ದ್ರವ ಹರಿಯಲು ಬೇರೆ ದಾರಿಯೂ ಇರಲಿಲ್ಲ.

ಇನ್ನೊಂದು ಸಂಗತಿ ನನಗೆ ಆಶ್ಚರ್ಯ ಉಂಟುಮಾಡಿತು. ನಮಗೆ ನೀರು ನೆತ್ತಿಗೆ ಹತ್ತಿದರೆ ಮೊದಲು ಬರುವುದು ಕೆಮ್ಮು. ಹೊಸದಾಗಿ ಹುಟ್ಟಿದ ಮಗುವಿನಲ್ಲಿ ಹಾಗಾಗುವುದು ಕಡಿಮೆ. ಧ್ವನಿಪೆಟ್ಟಿಗೆಯ ಬಾಯಿಗೆ ದ್ರವ ತಾಗಿದಾಗ ಅದು ಮೊದಲು ಉಸಿರನ್ನು ತಡೆಹಿಡಿಯುತ್ತದೆ, ಮತ್ತೆ ಮತ್ತೆ ನುಂಗಲು ನೋಡುತ್ತದೆ, ಕೆಲವೊಮ್ಮೆ ಹೃದಯದ ಬಡಿತವೂ ನಿಧಾನವಾಗುತ್ತದೆ. ಇದು ಶ್ವಾಸಕೋಶವನ್ನು ಕಾಯುವ ಪ್ರತಿವರ್ತನೆ, ವಯಸ್ಸಾಗುತ್ತಾ ಹೋದಂತೆ ಕೆಮ್ಮು ಅದರ ಜಾಗಕ್ಕೆ ಬರುತ್ತದೆ. ಹಾಗಾಗಿ ನವಜಾತ ಶಿಶುವಿನ ತೊಂದರೆ ಸದ್ದಿಲ್ಲದೆ ಇರಬಹುದು. "ಕೆಮ್ಮಲಿಲ್ಲ, ಹಾಗಾದರೆ ಸರಿಯಾಗಿಯೇ ಹೋಯಿತು" ಎಂಬ ಲೆಕ್ಕ ಈ ವಯಸ್ಸಿನಲ್ಲಿ ನಡೆಯುವುದಿಲ್ಲ. ನಾನು ಅಂದು ಕಂಡ ಐದಾರು ಸೆಕೆಂಡಿನ ಮೌನ ಬಹುಶಃ ಇದೇ ಆಗಿತ್ತು.

ಇದು ಅಪರೂಪವಾಗಿಯಾದರೂ ಎಷ್ಟು ಕೆಟ್ಟದ್ದಾಗಬಲ್ಲದು ಎಂಬುದಕ್ಕೆ ಒಂದು ದಾಖಲಾದ ಪ್ರಕರಣವಿದೆ. 2016ರ ಡಿಸೆಂಬರಿನಲ್ಲಿ ಫ್ರಾನ್ಸ್ ದೇಶದಲ್ಲಿ ಹತ್ತು ದಿನದ ಮಗುವೊಂದು, ಪಿಚಕಾರಿಯಂಥ ಕೊಳವೆಯಿಂದ ಬಾಯಿಗೆ ಹಾಕುವ ವಿಟಮಿನ್ ಡಿ ದ್ರವವನ್ನು ಕೊಟ್ಟ ನಂತರ ತೀರಿಕೊಂಡಿತು. 2017ರ ಜನವರಿಯಲ್ಲಿ ಅಲ್ಲಿನ ಔಷಧಿ ಸುರಕ್ಷತಾ ಸಂಸ್ಥೆ ಆ ಉತ್ಪನ್ನದ ಮಾರಾಟವನ್ನು ನಿಲ್ಲಿಸಿತು. ವಿಟಮಿನ್ ಡಿ ಕೊಡುವುದನ್ನು ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ, ಅಪಾಯವಿದ್ದದ್ದು ವಿಟಮಿನ್ನಿನಲ್ಲಲ್ಲ, ಅದನ್ನು ಬಾಯಿಗೆ ತಲುಪಿಸುವ ವಿಧಾನದಲ್ಲಿ. ಆ ಉತ್ಪನ್ನದ ಬಗ್ಗೆ ಅದಕ್ಕೂ ಮೊದಲೇ ಅಲ್ಲಿ ಕೊಟ್ಟಿದ್ದ ಸೂಚನೆಗಳನ್ನು ಓದಿದರೆ ನನ್ನ ನರ್ಸ್ ಹೇಳಿಕೊಟ್ಟದ್ದೇ ಕಾಣುತ್ತದೆ: ಮಗು ಎಚ್ಚರವಾಗಿರಲಿ, ಅರ್ಧ ಕುಳಿತ ಭಂಗಿಯಲ್ಲಿ ತೋಳಿಗೆ ಒರಗಿರಲಿ, ಹಾಲು ಕುಡಿಸುವ ಮೊದಲು ಕೊಡಿ, ಕೊಳವೆಯ ತುದಿಯನ್ನು ಕೆನ್ನೆಯ ಒಳಬದಿಗೆ ತಾಗಿಸಿ, ಮಗು ಚೀಪಲು ಬಿಡಿ, ಕೊಟ್ಟ ಕೂಡಲೇ ಮಲಗಿಸಬೇಡಿ.

ಈಗ ಕೆನ್ನೆಗೆ ಬರುತ್ತೇನೆ. ಹೊರಗಿನಿಂದ ನೋಡಿದರೆ ಶಿಶುವಿನ ಕೆನ್ನೆ ಒಳಗೆ ದೊಡ್ಡ ಚೀಲವೇ ಇರಬಹುದೆನ್ನುವಂತೆ ಉಬ್ಬಿರುತ್ತದೆ. ನಿಜದಲ್ಲಿ ಆ ಉಬ್ಬು ಕೊಬ್ಬಿನದು, ಚೀಪುವಾಗ ಕೆನ್ನೆ ಒಳಕ್ಕೆ ಕುಸಿಯದಂತೆ ಆನಿಕೆ ಕೊಡುವ ಮೆತ್ತೆ. ಹಾಗಾಗಿ ವಸಡಿಗೂ ಕೆನ್ನೆಗೂ ನಡುವೆ ಉಳಿಯುವುದು ಒಂದು ತೆಳುವಾದ ಸಂದು ಮಾತ್ರ. ಅದರಲ್ಲಿ ಹೆಚ್ಚು ದ್ರವ ನಿಲ್ಲುವುದಿಲ್ಲ, ಆದರೆ ಕೆಲವು ಹನಿ ನಿಲ್ಲುತ್ತವೆ. ಆ ಹನಿಗಳು ವಸಡಿನ ಮೇಲಿಂದ ಜಾರಿ ನಿಧಾನವಾಗಿ ನಾಲಗೆಯ ಪಕ್ಕಕ್ಕೆ ಬರುತ್ತವೆ. ನಾಲಗೆಗೆ ರುಚಿ ತಾಗಿದಾಗ ಮಗು ಚೀಪಲು ತೊಡಗುತ್ತದೆ, ಚೀಪಿದ ಮೇಲೆ ನುಂಗುತ್ತದೆ. ಮೇಲೆ ಹೇಳಿದ ತಾಳವನ್ನು ಮಗು ತಾನೇ ಶುರುಮಾಡಿದಂತಾಯಿತು. ನಾಲಗೆಯ ತುದಿಯಲ್ಲಿ ಬಿಟ್ಟರೆ ಇದಕ್ಕೆ ಬದಲಾಗಿ ಇನ್ನೊಂದು ತೊಂದರೆ ಇದೆ. ಮೊದಲ ನಾಲ್ಕೈದು ತಿಂಗಳು ಶಿಶುವಿನ ನಾಲಗೆ ಮುಂಭಾಗಕ್ಕೆ ತಾಗಿದ್ದನ್ನೆಲ್ಲ ಹೊರಕ್ಕೆ ದಬ್ಬುತ್ತದೆ, ಔಷಧಿ ಗದ್ದದ ಮೇಲೆ ಇಳಿಯುತ್ತದೆ. ಮುಂದೆ ಬಿಟ್ಟರೆ ಹೊರಗೆ, ಹಿಂದೆ ಬಿಟ್ಟರೆ ಗಂಟಲಿಗೆ. ಪಕ್ಕ ಒಂದೇ ಉಳಿಯುವ ದಾರಿ.

ಎಷ್ಟು ಬಿಡಬೇಕು ಎಂಬ ಪ್ರಶ್ನೆಗೆ ಉತ್ತರ ಮಗುವಿನ ಗುಟುಕಿನಲ್ಲಿದೆ. ಈ ವಯಸ್ಸಿನ ಮಗು ಒಂದು ಸಲ ನುಂಗುವುದು ಸುಮಾರು 0.2 ಮಿಲಿಲೀಟರ್, ಎಂದರೆ ಕೆಲವೇ ಹನಿ. ನಾನು ಒಂದೇ ಅದುಮಿಗೆ ಸುರಿದದ್ದು ಐದು ಗುಟುಕು. ದೊಡ್ಡವರು ಯಾರಾದರೂ ನನ್ನನ್ನು ಅಂಗಾತ ಮಲಗಿಸಿ, ಐದು ಗುಟುಕು ನೀರನ್ನು ಒಟ್ಟಿಗೆ ಗಂಟಲಿಗೆ ಸುರಿದಿದ್ದರೆ ನಾನು ಏನು ಮಾಡುತ್ತಿದ್ದೆನೆಂದು ಆಮೇಲೆ ಯೋಚಿಸಿದ್ದುಂಟು.

ಹೀಗೆ ಒಂದು ಮಿಲಿಲೀಟರನ್ನು ಐದು ಪಾಲು ಮಾಡಿ ಕೊಡುವುದು ನಮ್ಮ ಪದ್ಧತಿಯಾಯಿತು. ಮೊದಲು ಸೋಪು ಹಚ್ಚಿ ಕೈ ತೊಳೆಯುವುದು. ನಂತರ ಡ್ರಾಪರನ್ನು ಬೆಳಕಿಗೆ ಹಿಡಿದು ದ್ರವದ ಮಟ್ಟ ಗುರುತಿಗೆ ಸರಿಯಾಗಿದೆಯೇ, ನಡುವೆ ಗಾಳಿಗುಳ್ಳೆ ಸಿಕ್ಕಿಕೊಂಡಿದೆಯೇ ಎಂದು ನೋಡುವುದು. ಗಾಳಿಗುಳ್ಳೆ ಇದ್ದರೆ ಅಷ್ಟರ ಮಟ್ಟಿಗೆ ಔಷಧಿ ಕಡಿಮೆಯಾಗುತ್ತದೆ, ಅಲ್ಲದೆ ಗುಳ್ಳೆ ಹೊರಬರುವಾಗ ಅದರ ಹಿಂದಿನ ದ್ರವ ಚಿಮ್ಮುತ್ತದೆ. ಮಗುವನ್ನು ಎಡತೋಳಿನ ಮಡಿಕೆಯಲ್ಲಿ, ತಲೆ ಎದೆಗಿಂತ ಸಾಕಷ್ಟು ಮೇಲಿರುವಂತೆ, ಅರ್ಧ ಕುಳಿತ ಭಂಗಿಯಲ್ಲಿ ಹಿಡಿದುಕೊಳ್ಳುತ್ತೇನೆ. ತಲೆ ಹಿಂದಕ್ಕೆ ಚೆಲ್ಲಿರಬಾರದು, ಹಾಗೆ ಚೆಲ್ಲಿದರೆ ದ್ರವ ನೇರ ಗಂಟಲಿಗೆ ಇಳಿಯುತ್ತದೆ, ನುಂಗುವುದೂ ಕಷ್ಟ. ಗದ್ದ ಎದೆಗೆ ಒತ್ತಿಕೊಂಡೂ ಇರಬಾರದು, ಆಗ ಉಸಿರಿನ ದಾರಿ ಕಿರಿದಾಗುತ್ತದೆ. ಮೂಗು ಮತ್ತು ಹೊಕ್ಕುಳು ಒಂದೇ ಗೆರೆಯಲ್ಲಿದ್ದರೆ ಸಾಕು. ಮಗುವಿನ ಒಂದು ಕೈಯನ್ನು ನನ್ನ ಬೆನ್ನ ಕಡೆಗೆ ಸರಿಸಿ, ಇನ್ನೊಂದನ್ನು ನನ್ನ ಎಡಗೈಯಲ್ಲಿ ಹಿಡಿದುಕೊಳ್ಳುತ್ತೇನೆ, ಇಲ್ಲದಿದ್ದರೆ ಆ ಪುಟ್ಟ ಮುಷ್ಟಿ ಸರಿಯಾದ ಹೊತ್ತಿಗೆ ಡ್ರಾಪರಿಗೆ ಗುದ್ದುತ್ತದೆ.

ಬಾಯಿ ತೆರೆಸಲು ಬಲವಂತ ಬೇಕಿಲ್ಲ. ಡ್ರಾಪರಿನ ತುದಿಯಿಂದ ತುಟಿಯ ಮೂಲೆಯನ್ನು ಮೆಲ್ಲನೆ ಮುಟ್ಟಿ ಕಾದರೆ, ಮಗು ಮೊಲೆಯೆಂದು ಭಾವಿಸಿ ಆ ಕಡೆಗೆ ತಲೆ ತಿರುಗಿಸಿ ಬಾಯಿ ತೆರೆಯುತ್ತದೆ. ಇದರಲ್ಲಿ ಒಂದು ಎಚ್ಚರ ಬೇಕು: ತಲೆ ತಿರುಗಿದಾಗ ಡ್ರಾಪರ್ ಇದ್ದಲ್ಲೇ ಉಳಿದರೆ ಅದರ ತುದಿ ಅಂಗುಳಕ್ಕೋ ವಸಡಿಗೋ ಚುಚ್ಚುತ್ತದೆ. ಅದಕ್ಕೆ ನರ್ಸ್ ತೋರಿಸಿದ ಉಪಾಯವೆಂದರೆ ಡ್ರಾಪರ್ ಹಿಡಿದ ಕೈಯ ಕಿರುಬೆರಳನ್ನು ಮಗುವಿನ ಗದ್ದದ ಮೇಲೆ ಊರಿಕೊಳ್ಳುವುದು. ತಲೆ ಹೋದತ್ತ ಕೈಯೂ ಹೋಗುತ್ತದೆ. ಬಾಯಿ ತೆರೆದಾಗ ತುದಿಯನ್ನು ತುಟಿಯ ಮೂಲೆಯಿಂದ ಕೆನ್ನೆಯ ಒಳಮೈಗೆ ಒರಗಿಸಿಕೊಂಡು, ವಸಡಿನ ಹೊರಗೆ, ಒಂದು ಸೆಂಟಿಮೀಟರಿನಷ್ಟು ಮಾತ್ರ ಜಾರಿಸಬೇಕು. ಅದರ ಮೂತಿ ಕೆನ್ನೆಯತ್ತ ಇರಬೇಕು, ಗಂಟಲಿನತ್ತ ಅಲ್ಲ. ಇನ್ನೂ ಹಿಂದಕ್ಕೆ ಹೋದರೆ ವಸಡು ಮುಗಿಯುವಲ್ಲಿಂದ ದ್ರವ ಗಂಟಲಿನತ್ತ ಜಾರುತ್ತದೆ, ಕೆನ್ನೆಯಲ್ಲಿ ಹಾಕಿದೆವೆಂಬ ಸಮಾಧಾನವಷ್ಟೇ ನಮಗೆ ಉಳಿಯುತ್ತದೆ.

ಆಮೇಲೆ ಒಂದು ಪಾಲು, ಎರಡು ಮೂರು ಹನಿಯಿಂದ ಐದಾರು ಹನಿಯವರೆಗೆ. ಅದುಮಿ ನಿಲ್ಲಿಸಬೇಕು. ಮಗು ಚೀಪುವುದನ್ನು ನೋಡಬೇಕು. ಗದ್ದದ ಕೆಳಗೆ ಗಂಟಲು ಒಮ್ಮೆ ಮೇಲೇರಿ ಇಳಿಯುತ್ತದೆ, ಕಿವಿಗೊಟ್ಟರೆ ನುಂಗಿದ ಸಣ್ಣ ಸದ್ದು ಕೇಳುತ್ತದೆ, ನಂತರ ಮೂಗಿನಿಂದ ಒಂದು ಉಸಿರು ಬರುತ್ತದೆ. ಮುಂದಿನ ಪಾಲನ್ನು ಆ ಉಸಿರಿಗೆ ಕಾದು ಕೊಡುತ್ತೇನೆ. ನುಂಗಿದ್ದು ಕಂಡಿತೆಂದು ಉಸಿರನ್ನು ಕಾಯದೆ ಅದುಮಿದರೆ ಎರಡನೆಯ ಪಾಲು ಉಸಿರಿನ ಹೊತ್ತಿಗೆ ಸರಿಯಾಗಿ ಗಂಟಲನ್ನು ತಲುಪುತ್ತದೆ. ಈ ತಪ್ಪನ್ನು ನಾನು ಎರಡನೆಯ ವಾರದಲ್ಲಿ, ಕೆಲಸ ಕೈಗೆ ಬಂತೆಂಬ ಧೈರ್ಯದಲ್ಲಿ ಮಾಡಿದೆ. ಮಗು ಹುಬ್ಬು ಗಂಟಿಕ್ಕಿ, ನಾಲಗೆ ಹೊರಚಾಚಿ, ಮುಖ ಕೆಂಪಗೆ ಮಾಡಿಕೊಂಡು ಓಕರಿಸಿತು. ಸದ್ದು ಇತ್ತು, ಬಣ್ಣ ಕೆಂಪೇ ಇತ್ತು, ಹಾಗಾಗಿ ನಾನು ಡ್ರಾಪರನ್ನು ಹೊರತೆಗೆದು, ಮಗುವನ್ನು ಇನ್ನಷ್ಟು ನೆಟ್ಟಗೆ ಹಿಡಿದು ಸುಮ್ಮನೆ ಕಾದೆ. ಅದು ತಾನೇ ಸರಿಹೋಯಿತು. ಐದು ಪಾಲಿಗೆ ನನಗೆ ಹಿಡಿಯುತ್ತಿದ್ದ ಸಮಯ ಎರಡರಿಂದ ಮೂರು ನಿಮಿಷ, ಅದನ್ನು ಕಡಿಮೆ ಮಾಡುವ ಪ್ರಯತ್ನವನ್ನು ಮತ್ತೆ ಮಾಡಲಿಲ್ಲ.

ರಬ್ಬರ್ ಬುರುಡೆಯ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಅರ್ಧ ತಪ್ಪು ಅದರದೇ. ಬುರುಡೆಗೆ ನಿಧಾನ ಎಂಬುದು ಗೊತ್ತಿಲ್ಲ. ಸ್ವಲ್ಪ ಒತ್ತಿದರೆ ಏನೂ ಬರುವುದಿಲ್ಲ, ಇನ್ನೂ ಸ್ವಲ್ಪ ಒತ್ತಿದರೆ ಅರ್ಧ ಡ್ರಾಪರ್ ಖಾಲಿ. ನಾನು ಒಂದು ಸಂಜೆ ನೀರು ತುಂಬಿಕೊಂಡು, ಚಮಚದ ಮೇಲೆ ಐದು ಸಮ ಪಾಲು ಬೀಳಿಸುವುದನ್ನು ಹತ್ತಾರು ಸಲ ಅಭ್ಯಾಸ ಮಾಡಿದೆ, ನೋಡಿದವರಿಗೆ ನಗು ಬರುವಂತಿತ್ತು. ಬುರುಡೆಯ ಇನ್ನೊಂದು ಗುಣವೆಂದರೆ ಬಾಯಿಯೊಳಗೆ ಇರುವಾಗಲೇ ಬೆರಳು ಸಡಿಲಿಸಿದರೆ ಅದು ಮಗುವಿನ ಜೊಲ್ಲನ್ನು ಒಳಗೆಳೆದುಕೊಳ್ಳುತ್ತದೆ. ಹಾಗೇ ಬಾಟಲಿಗೆ ಹಿಂತಿರುಗಿಸಿದರೆ ಇಡೀ ಬಾಟಲಿ ಕೆಡುತ್ತದೆ. ಹಾಗಾಗಿ ಅದುಮಿದ್ದನ್ನು ಅದುಮಿಕೊಂಡೇ ಹೊರತೆಗೆಯಬೇಕು, ತುದಿಯನ್ನು ತೊಳೆದು ಒಣಗಿಸಿದ ನಂತರವೇ ಬಾಟಲಿಗೆ ಹಾಕಬೇಕು. ಕೊನೆಗೆ ನಾನು ಒಂದು ಮಿಲಿಲೀಟರಿನ, ಬಾಯಿಗೆ ಔಷಧಿ ಹಾಕಲೆಂದೇ ಮಾಡಿದ ಸೂಜಿಯಿಲ್ಲದ ಸಿರಿಂಜಿಗೆ ಬದಲಾಯಿಸಿಕೊಂಡೆ. ಅದರಲ್ಲಿ 0.1 ಮಿಲಿಲೀಟರಿನ ಗೆರೆಗಳಿರುತ್ತವೆ, ಎರಡು ಗೆರೆ ತಳ್ಳಿದರೆ ಒಂದು ಪಾಲು. ತುದಿಗೆ ಪುಟ್ಟ ಮುಚ್ಚಳವೇನಾದರೂ ಇದ್ದರೆ ಅದನ್ನು ಮೊದಲೇ ತೆಗೆದು ದೂರ ಎಸೆಯಬೇಕು, ಅದು ಬಾಯಿಯೊಳಗೆ ಹಾರಿದರೆ ದ್ರವಕ್ಕಿಂತ ದೊಡ್ಡ ಅಪಾಯ.

ಹಾಲಿಗೆ ಮೊದಲೋ ನಂತರವೋ ಎಂಬುದನ್ನೂ ನಾನು ಪ್ರಯೋಗದಿಂದಲೇ ಕಲಿತೆ. ಹೊಟ್ಟೆ ತುಂಬಿದ ಮಗುವಿಗೆ ಹಾಕಿದಾಗ ಅದು ನಿದ್ದೆಯ ಮಂಪರಿನಲ್ಲಿರುತ್ತಿತ್ತು, ಚೀಪುತ್ತಿರಲಿಲ್ಲ, ಓಕರಿಕೆ ಬಂದರೆ ಕುಡಿದ ಹಾಲೂ ಹೊರಬರುತ್ತಿತ್ತು. ತೀರ ಹಸಿದಾಗ ಅಳುತ್ತಿತ್ತು. ಸರಿಯಾದ ಹೊತ್ತು ಇವೆರಡರ ನಡುವೆ, ಮಗು ಎಚ್ಚರಗೊಂಡು ಕೈಯನ್ನು ಬಾಯಿಗೆ ತರುತ್ತಾ, ತುಟಿ ಚಪ್ಪರಿಸುತ್ತಾ, ಇನ್ನೂ ಅಳದೆ ಇರುವ ಆ ಕೆಲವು ನಿಮಿಷ. ನಿದ್ದೆಯಲ್ಲಿರುವಾಗ ಹಾಕುವುದು ಸುಲಭವೆಂದು ಹೇಳಿದವರಿದ್ದಾರೆ, ಮೂಗು ಹಿಡಿದರೆ ತಾನೇ ನುಂಗುತ್ತದೆಂದು ಹೇಳಿದವರೂ ಇದ್ದಾರೆ. ಮೂಗಿನಿಂದಲೇ ಉಸಿರಾಡುವ ಮಗುವಿನ ಮೂಗನ್ನು ಮುಚ್ಚಿ, ಬಾಯಿಯಲ್ಲಿ ದ್ರವ ಇರುವಾಗಲೇ ಬಾಯಿಯಿಂದ ಉಸಿರೆಳೆದುಕೊಳ್ಳುವಂತೆ ಮಾಡುವುದು ಎಂದರೇನೆಂದು ಒಮ್ಮೆ ಬಿಡಿಸಿ ಹೇಳಿದರೆ ಆ ಸಲಹೆ ಅಲ್ಲಿಗೇ ನಿಲ್ಲುತ್ತದೆ.

ಇಷ್ಟೆಲ್ಲ ಕಷ್ಟವೇಕೆ ಎಂದು ಕೇಳಬಹುದು. ಎದೆಹಾಲಿನಲ್ಲಿ ವಿಟಮಿನ್ ಡಿ ಬಹಳ ಕಡಿಮೆ, ಮಗು ದಿನವಿಡೀ ಕುಡಿದರೂ ಬೇಕಾದಷ್ಟು ಸಿಗುವುದಿಲ್ಲ. ಆದ್ದರಿಂದ ಎದೆಹಾಲು ಕುಡಿಯುವ ಮಕ್ಕಳಿಗೆ ಮೊದಲ ಕೆಲವು ದಿನಗಳಿಂದಲೇ ದಿನಕ್ಕೆ 400 ಐಯು, ಎಂದರೆ 10 ಮೈಕ್ರೋಗ್ರಾಂ, ಕೊಡಲು ಮಕ್ಕಳ ವೈದ್ಯರು ಹೇಳುತ್ತಾರೆ. ಅವಧಿಗೆ ಮೊದಲೇ ಹುಟ್ಟಿದ ಮಗುವಿಗೆ, ತೂಕ ಕಡಿಮೆಯಿರುವ ಮಗುವಿಗೆ ಪ್ರಮಾಣ ಬೇರೆಯಾಗಬಹುದು, ಸೀಳಂಗುಳ ಇರುವ ಅಥವಾ ಹಾಲು ಕುಡಿಯುವಾಗಲೇ ಪದೇ ಪದೇ ನೆತ್ತಿಗೆ ಹತ್ತುವ ಮಗುವಿಗೆ ಈ ಬರಹದ ವಿಧಾನ ಸಾಲದು, ಅವರ ವೈದ್ಯರೇ ದಾರಿ ಹೇಳಬೇಕು.

ಆದರೆ ಈ ವಿಟಮಿನ್ನಿನ ಒಂದು ಗುಣವನ್ನು ತಿಳಿದ ಮೇಲೆ ನನ್ನ ಅವಸರ ಪೂರ್ತಿ ಇಳಿದುಹೋಯಿತು. ರಕ್ತದಲ್ಲಿ ವಿಟಮಿನ್ ಡಿ ಸಂಗ್ರಹವಾಗಿರುವ ರೂಪ ಅರ್ಧಕ್ಕೆ ಇಳಿಯಲು ಎರಡು ಮೂರು ವಾರ ಬೇಕು. ಒಂದು ದಿನ ಕೊಡದಿದ್ದರೆ ಏನೂ ಆಗುವುದಿಲ್ಲ. ಎರಡನೆಯ ಪಾಲಿನ ಹೊತ್ತಿಗೆ ಮಗು ಅಳತೊಡಗಿದರೆ ಅಲ್ಲಿಗೇ ನಿಲ್ಲಿಸಬಹುದು. ಅರ್ಧ ಕಕ್ಕಿದರೆ ಮತ್ತೆ ಕೊಡಬೇಕಿಲ್ಲ, ಮರೆತರೆ ಮರುದಿನ ಎರಡರಷ್ಟು ಕೊಡಬಾರದು. ಜ್ವರದ ಔಷಧಿಗೋ ಆಂಟಿಬಯೋಟಿಕ್ಕಿಗೋ ಇರುವಂಥ ಹೊತ್ತಿನ ಕಟ್ಟುಪಾಡು ಇದಕ್ಕಿಲ್ಲ. ಅಳುವ ಮಗುವಿನ ಬಾಯಿಗೆ ಹಟಹಿಡಿದು ಹಾಕಲೇಬೇಕಾದ ಕಾರಣ ನನಗೆ ಆ ಆರನೆಯ ದಿನವೂ ಇರಲಿಲ್ಲ.

ಮೂರನೆಯ ತಿಂಗಳಲ್ಲಿ ಮೊದಲ ಬಾಟಲಿ ಮುಗಿದು ಹೊಸದು ಬಂತು. ಮೊದಲಿನದರಲ್ಲಿ ಒಂದು ಮಿಲಿಲೀಟರಿಗೆ 400 ಐಯು ಇತ್ತು. ಹೊಸದು ಬೇರೆ ತಯಾರಿಕೆ, ಅದರ ಮೇಲೆ 400 ಐಯು ಎಂದೇ ದೊಡ್ಡದಾಗಿ ಬರೆದಿತ್ತು. ನನ್ನ ಗಂಡ ಹಳೆಯ ಸಿರಿಂಜನ್ನೇ ತೆಗೆದುಕೊಂಡು ಒಂದು ಮಿಲಿಲೀಟರ್ ಎಳೆಯಲು ಹೊರಟಿದ್ದರು, ಅಷ್ಟರಲ್ಲಿ ದ್ರವ ಎಣ್ಣೆಯಂತೆ ಇರುವುದನ್ನು ಕಂಡು ಕೈ ತಡೆದರು. ಸಣ್ಣ ಅಕ್ಷರಗಳನ್ನು ಓದಿದಾಗ 400 ಐಯು ಇದ್ದದ್ದು ಒಂದು ಹನಿಯಲ್ಲಿ. ಅಂಥ ಹನಿಗಳು ಒಂದು ಮಿಲಿಲೀಟರಿನಲ್ಲಿ ಸುಮಾರು 30 ಇರುತ್ತವೆ. 30ನ್ನು 400ರಿಂದ ಗುಣಿಸಿದರೆ 12,000. ಮಗುವಿಗೆ ದಿನಕ್ಕೆ ಬೇಕಾದದ್ದು 400, ಆರು ತಿಂಗಳೊಳಗಿನ ಮಗುವಿಗೆ ಮೀರಬಾರದೆಂದು ಇಟ್ಟಿರುವ ಮಿತಿ 1,000. ಇಷ್ಟು ಹೆಚ್ಚಿನ ಪ್ರಮಾಣ ದಿನದಿನವೂ ಹೋದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ಮಗು ಹಾಲು ಬಿಡುತ್ತದೆ, ವಾಂತಿ ಮಾಡುತ್ತದೆ, ಮಲಬದ್ಧತೆ ಬರುತ್ತದೆ, ಮೂತ್ರ ಹೆಚ್ಚಾಗುತ್ತದೆ, ಮೂತ್ರಪಿಂಡಕ್ಕೆ ಹಾನಿಯಾಗುತ್ತದೆ. ಡ್ರಾಪರಿನಲ್ಲಿ ಹಿಡಿಸುವಷ್ಟನ್ನೂ ಕೊಡಬೇಕೆಂದು ತಂದೆತಾಯಿಗಳು ತಿಳಿದುಕೊಳ್ಳುವ ಈ ತಪ್ಪಿನ ಬಗ್ಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2010ರ ಜೂನ್‌ನಲ್ಲೇ ಎಚ್ಚರಿಕೆ ಹೊರಡಿಸಿ, ಡ್ರಾಪರ್ 400 ಐಯುಗಿಂತ ಹೆಚ್ಚು ಹಿಡಿಯದಂತಿರಬೇಕು ಎಂದಿತ್ತು. ಒಂದು ಬಾಟಲಿಯೊಡನೆ ಬಂದ ಡ್ರಾಪರನ್ನು ಆ ಬಾಟಲಿಗೆ ಮಾತ್ರ ಬಳಸಬೇಕೆನ್ನುವುದು ಈ ಕಾರಣಕ್ಕೆ. ನಾನು ಸಿರಿಂಜಿಗೆ ಬದಲಾಯಿಸುವಾಗ ಪ್ರಮಾಣವನ್ನು ವೈದ್ಯರಲ್ಲಿ ಕೇಳಿ, ಬಾಟಲಿಯ ಮೇಲೆ ಪಟ್ಟಿ ಅಂಟಿಸಿದ್ದೆ. ಆದರೆ ಬಾಟಲಿ ಬದಲಾದಾಗ ಆ ಪಟ್ಟಿ ಹಳೆಯ ಬಾಟಲಿಯ ಜೊತೆಗೇ ಹೋಗಿತ್ತು.

ಒಂದೇ ಹನಿಯ ಬಾಟಲಿಗೆ ಕೆನ್ನೆಯ ಸಂದು ಬೇಕಿಲ್ಲ. ಬಾಟಲಿಯನ್ನು ಪೂರ್ತಿ ತಲೆಕೆಳಗೆ ಹಿಡಿದು, ಅಲುಗಿಸದೆ, ಹನಿ ತಾನಾಗಿ ಬೀಳುವವರೆಗೆ ಕಾದು, ಅದನ್ನು ತೊಳೆದ ಬೆರಳ ತುದಿಯಲ್ಲೋ ಮೊಲೆತೊಟ್ಟಿನ ಮೇಲೋ ಹಿಡಿದು ಮಗುವಿಗೆ ಚೀಪಿಸುತ್ತೇನೆ. ನೇರವಾಗಿ ಬಾಯಿಯೊಳಗೆ ಬೀಳಿಸಲು ಹೋದರೆ ಒಂದರ ಬದಲು ಮೂರು ಬಿದ್ದದ್ದು ಗೊತ್ತಾಗುವುದಿಲ್ಲ. ಬಾಟಲಿ ಹಾಲಿನಲ್ಲಿ ಬೆರೆಸಿದರೆ ಮಗು ಹಾಲು ಉಳಿಸಿದಷ್ಟೂ ವಿಟಮಿನ್ ಉಳಿಯುತ್ತದೆ.

ಏನಾದರೂ ತಪ್ಪಿದರೆ ಏನು ನೋಡಬೇಕೆಂಬುದನ್ನು ನಾನು ಕಾಗದದ ಮೇಲೆ ಬರೆದು, ಮಗುವನ್ನು ನೋಡಿಕೊಳ್ಳುವ ಎಲ್ಲರಿಗೂ ಓದಿಸಿದ್ದೆ. ಮಗು ಕೆಮ್ಮುತ್ತಿದ್ದರೆ, ಓಕರಿಸುತ್ತಿದ್ದರೆ, ಅಳುತ್ತಿದ್ದರೆ ಗಾಳಿ ಹೋಗಿಬರುತ್ತಿದೆ ಎಂದರ್ಥ, ಔಷಧಿ ನಿಲ್ಲಿಸಿ ನೆಟ್ಟಗೆ ಅಥವಾ ಪಕ್ಕಕ್ಕೆ ತಿರುಗಿಸಿ ಹಿಡಿದು ಕಾಯಬೇಕು, ಬಾಯಿಗೆ ಬೆರಳು ಹಾಕಿ ಕೆದಕಬಾರದು. ಸದ್ದೇ ಇಲ್ಲದಿದ್ದರೆ, ಎದೆ ಅಲುಗದಿದ್ದರೆ, ತುಟಿ ನೀಲಿಯಾಗುತ್ತಿದ್ದರೆ ಮಗುವನ್ನು ಮುಂಗೈ ಮೇಲೆ ಬೋರಲಾಗಿ, ತಲೆ ಎದೆಗಿಂತ ಕೆಳಗಿರುವಂತೆ, ದವಡೆಗೆ ಆಧಾರ ಕೊಟ್ಟು ಮಲಗಿಸಿ, ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಬಾರಿ ತಟ್ಟಬೇಕು, ಸರಿಹೋಗದಿದ್ದರೆ ಅಂಗಾತ ತಿರುಗಿಸಿ ಎದೆಮೂಳೆಯ ಮೇಲೆ ಒಂದು ಅಂಗೈಯ ಬುಡದಿಂದ ಐದು ಬಾರಿ ಒತ್ತಬೇಕು, ಜೊತೆಯಲ್ಲಿದ್ದವರು ತುರ್ತು ಸೇವೆಗೆ ಕರೆ ಮಾಡಬೇಕು. ಮಗು ಸೋತು ಜೋಲಿಬಿದ್ದರೆ ಕೃತಕ ಉಸಿರು ಮತ್ತು ಎದೆಯೊತ್ತುವಿಕೆಗೆ ಹೋಗಬೇಕು, ಅದನ್ನು ಓದಿ ಕಲಿಯಲಾಗದು, ತಿಳಿದವರಿಂದ ಕೈಯಾರೆ ಕಲಿಯಬೇಕು. ಎಲ್ಲ ಸರಿಹೋದಂತೆ ಕಂಡರೂ ಮುಂದಿನ ಒಂದೆರಡು ದಿನ ಉಸಿರಿನಲ್ಲಿ ಗೊರಗೊರ ಸದ್ದು, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರು, ಪಕ್ಕೆಲುಬಿನ ಕೆಳಗೆ ಚರ್ಮ ಒಳಗೆಳೆದುಕೊಳ್ಳುವುದು, ಜ್ವರ, ಹಾಲು ಬೇಡವೆನ್ನುವುದು ಇವುಗಳಲ್ಲಿ ಒಂದು ಕಂಡರೂ ವೈದ್ಯರ ಬಳಿ ಹೋಗಬೇಕು. ತುಟಿ ಒಮ್ಮೆ ನೀಲಿಯಾಗಿದ್ದರೆ, ಬಾಯಿಯ ಸುತ್ತ ಬೂದು ಬಣ್ಣ ಬಂದಿದ್ದರೆ ಈ ಲಕ್ಷಣಗಳಿಗೆ ಕಾಯದೆ ಆಗಲೇ ತೋರಿಸಬೇಕು. ನಾನು ಎರಡು ದಿನ ಕಾದದ್ದು ಸರಿಯಲ್ಲ ಎಂದು ವೈದ್ಯರು ಆಮೇಲೆ ಸ್ಪಷ್ಟವಾಗಿ ಹೇಳಿದರು.

ಮುಂದೆ ನಾವು ಮತ್ತೆ ಮಿಲಿಲೀಟರಿನ ಬಾಟಲಿಗೇ ಮರಳಿದೆವು. ಐದನೆಯ ತಿಂಗಳಿನ ಹೊತ್ತಿಗೆ ಮಗು ಸಿರಿಂಜನ್ನು ಗುರುತಿಸತೊಡಗಿತು. ಕಂಡ ಕೂಡಲೇ ಬಾಯಿ ತೆರೆದು, ತುದಿಯನ್ನು ತಾನೇ ಕೆನ್ನೆಯತ್ತ ಸರಿಸಿಕೊಂಡು ವಸಡಿನಲ್ಲಿ ಅದುಮಿ ಹಿಡಿಯುತ್ತಿತ್ತು. ಆಗಲೂ ನಾನು ಎರಡು ಗೆರೆ ತಳ್ಳಿ, ಒಂದು ಉಸಿರಿಗೆ ಕಾದು, ಮತ್ತೆ ಎರಡು ಗೆರೆ ತಳ್ಳುತ್ತಿದ್ದೆ. ಕಾಯುವುದು ಹೆಚ್ಚಾಯಿತೆನಿಸಿದಾಗ ಮಗು ಖಾಲಿ ಸಿರಿಂಜನ್ನೇ ಚೀಪಿ ನನ್ನ ಮುಖ ನೋಡುತ್ತಿತ್ತು.